ಹುದ್ದೆಗೆ ಲಿಂಗವುಂಟೆ?

ಕೂಡ್ಲಿಗಿ ತಾಲ್ಲೂಕಿನ ಒಂದು ಊರಿನಲ್ಲಿ ಅನೇಕ ವರ್ಷಗಳ ಕಾಲ ಶಾಲೆಯನ್ನು ನಡೆಸಿ ನಿವೃತ್ತರಾದ ಒಬ್ಬ ತಾಯಿಯವರಿಗೆ ಊರವರು ಬಿನ್ನವತ್ತಳೆಯನ್ನು ಅರ್ಪಿಸಬೇಕೆಂದು ನಿಶ್ಚಯಿಸಿದರು. ಆ ತಾಯಿಯವರ ಮಗನು ಫ್ರಾನ್ಸಿನಲ್ಲಿ ಉದ್ಯೋಗದಲ್ಲಿರುವನು. ಸೊಸೆಯು ಸ್ಪೇನ್ ದೇಶದವಳು. ಮೊಮ್ಮಕ್ಕಳಿಗೆ ಕನ್ನಡವು ಕಿವಿಗೆ ತಿಳಿಯುವುದೇ ಹೊರತು ಕಣ್ಣಿಗೆ ತಿಳಿಯದು. ಆದುದರಿಂದ ಮಗನು ಬಿನ್ನವತ್ತಳೆಯ ಸಾರವನ್ನು ಮೊದಲು ಇಂಗ್ಲಿಷಿನಲ್ಲಿ ಬರೆದನು. ಅದನ್ನು ಅವನೇ ಫ್ರೆಂಚಿಗೂ, ಅವನ ಹೆಂಡತಿಯು ಸ್ಪ್ಯಾನಿಷಿಗೂ, ಊರಿನ ಸಮಿತಿಯವರು ಕನ್ನಡಕ್ಕೂ ತಿರುಗಿಸಿದರು. ಕನ್ನಡದ ಕರಡನ್ನು ತಿದ್ದಿಕೊಡಬೇಕೆಂದು ನಮ್ಮ ಬಳಿಗೆ ತಂದಾಗ ಉಳಿದ ಎರಡು ಹಾಳೆಗಳನ್ನೂ ಜೊತೆಗೆ ತಂದಿದ್ದರು. ಈ ಮೂರನ್ನೂ ಒಂದರ ಮಗ್ಗುಲಲ್ಲಿ ಒಂದನ್ನಿಟ್ಟು ನೋಡಿದಾಗ ನಮಗೆ ಹುಟ್ಟಿದ ವ್ಯಥೆಯೇ ಈ ಲೇಖನಕ್ಕೆ ಕಾರಣವು.

ಇಂಗ್ಲಿಷಿನಲ್ಲಿದ್ದ ಒಂದು ವಾಕ್ಯವನ್ನು ಮಾತ್ರ ತೆಗೆದುಕೊಳ್ಳೋಣ. ಶಾಲೆಯ ಮುಖ್ಯಸ್ಥರು ಅನುಭವವುಳ್ಳ ಶಿಕ್ಷಕರು, ತಾಳ್ಮೆಯೂ ತಿಳಿವಳಿಕೆಯೂ ಉಳ್ಳ ಸಹೋದ್ಯೋಗಿಗಳು, ಊರಿಗೆ ಒಳ್ಳೆಯ ಸ್ನೇಹಿತರು ಎಂಬುದು ಅದರ ಅರ್ಥ. ಇಂಗ್ಲಿಷಿನ ಆ ವಾಕ್ಯವೊಂದನ್ನೇ ಓದಿದರೆ ಆ ಮುಖ್ಯಸ್ಥರು ಗಂಡಸೋ ಹೆಂಗಸೋ ತಿಳಿಯುವಂತಿಲ್ಲ. ಅಲ್ಲಿಯ ಟೀಚರ್, ಫ್ರೆಂಡ್ ಮುಂತಾದ ಶಬ್ದಗಳು ಇಬ್ಬರಿಗೂ ಸಲ್ಲುವುವು. ಗುಣವಾಚಕಗಳಂತೂ ಯಾರ ಮುಂದೆಯೂ ರೂಪವನ್ನು ಬದಲಿಸವು.

ಸ್ಪ್ಯಾನಿಷಿನಲ್ಲಿ ಆ ವಾಕ್ಯವು ಹೀಗಿತ್ತು: ನುಯೆಸ್ತ್ರಾ ದಿರೆಕ್ತೋರಾ ಎಸ್ ಉನಾ ಮಯೆಸ್ತ್ರಾ ಎಕ್ಸ್‌ಪೆರಿಮೆಂತಾದಾ, ಉನಾ ಕೊಲೇಗಾ ಪಸಿಯೆಂತೆ ಇ ಸಾಬಿಯಾ, ಇ ಉನಾ ಬುಯೆನಾ ಅಮೀಗಾ ದೆಲ್ ಪುಯೆಬ್ಲೊ. ಇದೇ ಮಾತನ್ನು ಗಂಡಸಿನ ವಿಷಯದಲ್ಲಿ ಹೇಳಬೇಕಾದರೆ ನುಯೆಸ್ತ್ರಾ ಎಂಬುದು ನುಯೆಸ್ತ್ರೊ ಆಗಬೇಕು, ದಿರೆಕ್ತೋರಾ ಎಂಬುದು ದಿರೆಕ್ತೋರ್ ಆಗಬೇಕು, ಮಯೆಸ್ತ್ರಾ ಎಂಬುದು ಮಯೆಸ್ತ್ರೊ ಆಗಬೇಕು, ‘ಒಳ್ಳೆಯ’ ಎಂಬರ್ಥದ ಬುಯೆನಾ ಎಂಬುದು ಬುಯೆನ್ ಆಗಬೇಕು. ‘ಒಂದು’ ಎಂಬುದಕ್ಕೆ ಸಮನಾದ ಉನಾ ಎಂಬುದು ಮೂರು ಸಲವೂ ಉನ್ ಆಗಬೇಕು. ಹೀಗೆ ಎಣಿಸುತ್ತ ಹೋದರೆ ಒಂದೇ ವಾಕ್ಯದಲ್ಲಿ ಹತ್ತು ಶಬ್ದಗಳು ಮಾರ್ಪಡುವುವು. ಕೊಲೇಗಾ, ಪಸಿಯೆಂತೆ ಎಂಬಂತಹ ಕೆಲವು ಮಾತ್ರ ಇಬ್ಬರಿಗೂ ಒಂದೇ ಆಗಿ ನಿಲ್ಲುವುವು. ಫ್ರೆಂಚಿನ ಹಾಳೆಯಲ್ಲಿಯೂ ಲೆಕ್ಕವು ಹತ್ತೇ. ಅಲ್ಲಿ ದಿರೆಕ್ತರ್ ಎಂಬ ಗಂಡಸು ದಿರೆಕ್ತ್ರಿಸ್ ಎಂಬ ಹೆಂಗಸಾಗುವಳು. ಆಕೆಗೆ ಅಂಟಿದ ಗುಣವಾಚಕಗಳೂ ಅದರಂತೆ ಮಾರ್ಪಡುವುವು. ಆ ಹತ್ತರಲ್ಲಿ ಎರಡು ಕಿವಿಗೆ ಕೇಳಿಸದೆ, ಬರವಣಿಗೆಯಲ್ಲಿ ಒಂದು ಅಕ್ಷರ ಹೆಚ್ಚಾಗಿ ಕಾಣುವುವು, ಅಷ್ಟೆ.

ಮಗನು ಒಂದು ಮಾತನ್ನು ಕಾಗದದಲ್ಲಿ ಬರೆದಿದ್ದನು. ಇಂಗ್ಲಿಷಿನಿಂದ ಈ ಭಾಷೆಗಳಿಗೆ ತಿರುಗಿಸುವವನು ಮೊದಲು ಕೇಳಬೇಕಾದ ಪ್ರಶ್ನೆಯು, ಇದು ಯಾರ ವಿಷಯ ಎಂಬುದಂತೆ. ಉತ್ತರ ಗೊತ್ತಾಗದಿದ್ದರೆ ಲೇಖನಿಯು ಮುಂದೆ ಓಡದು. ಆಗ ಅವರು ಶಾಲೆಯ ಮುಖ್ಯಸ್ಥನನ್ನೋ ಮುಖ್ಯಸ್ಥೆಯನ್ನೋ ಬಿಟ್ಟು ‘ಶಾಲೆಯ ಆಡಳಿತ’ ಎನ್ನುವರು. ಶಿಕ್ಷಕರನ್ನು ಬಿಟ್ಟು ‘ಶಿಕ್ಷಕವರ್ಗ’ ಎನ್ನುವರು. ಅಥವಾ ‘ವ್ಯಕ್ತಿ’ ಎಂಬರ್ಥದ ಪೆರ್ಸೋನಾ ಶಬ್ದವನ್ನು ಹಿಡಿಯುವರು. ಪೆರ್ಸೋನಾ ಎಂಬುದು ಸ್ತ್ರೀಲಿಂಗವು. ಅದು ಹುರಿಮೀಸೆಯ ದಂಡನಾಯಕನನ್ನು ಹೇಳುವಾಗಲೂ ಸ್ತ್ರೀಲಿಂಗವೇ. ಫ್ರೆಂಚಿನಲ್ಲಿ ಕಾವಲು ನಿಂತ ಸಿಪಾಯಿಗೆ ಹೇಳುವ ಸಾಂತಿನೆಲ್ ಎಂಬ ಶಬ್ದವೂ ಹಾಗೆಯೇ. ಶಬ್ದಕ್ಕೆ ಲಿಂಗವು ಬೇರೆ, ಮನುಷ್ಯನಿಗೆ ಲಿಂಗವು ಬೇರೆ.

ಸಂಸ್ಕೃತವನ್ನು ಬಲ್ಲ ನಮ್ಮ ವಾಚಕರಿಗೆ ಇದು ಹೊಸತಲ್ಲ. ಹೆಂಡತಿ ಎಂಬ ಒಂದೇ ಅರ್ಥಕ್ಕೆ ಅಲ್ಲಿ ಪತ್ನೀ ಎಂಬುದು ಸ್ತ್ರೀಲಿಂಗ, ಕಲತ್ರಂ ಎಂಬುದು ನಪುಂಸಕಲಿಂಗ, ದಾರಾಃ ಎಂಬುದು ಪುಲ್ಲಿಂಗ, ಅದರ ಮೇಲೆ ಬಹುವಚನ. ಕನ್ನಡದ ದಾರಿಯು ಹಾಗಲ್ಲ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಹಿಂಬಾಲಿಸುವುದೆಂಬುದು 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಡೆದುಬಂದ ಹಾದಿ. ಗಂಡಸನ್ನು ಹೇಳಿದರೆ ಪುಲ್ಲಿಂಗ, ಹೆಂಗಸನ್ನು ಹೇಳಿದರೆ ಸ್ತ್ರೀಲಿಂಗ, ಮಿಕ್ಕದ್ದು ನಪುಂಸಕ. ಗುಣವಾಚಕಕ್ಕೆ ಲಿಂಗದ ಹಂಗೇ ಇಲ್ಲ: ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಎತ್ತು. ಇನ್ನು ಬಹುವಚನಕ್ಕೆ ಬಂದರೆ ಅವನು, ಅವಳು ಎಂಬ ಭೇದವು ಅಳಿದು ‘ಅವರು’ ಎಂಬುದೊಂದೇ ಉಳಿಯುವುದು. ನೂರು ಜನ ಹೆಂಗಸರ ನಡುವೆ ಒಬ್ಬ ಗಂಡಸು ಬಂದು ಕುಳಿತರೆ ಫ್ರೆಂಚ್ ವ್ಯಾಕರಣವು ಸಭೆಯನ್ನೆಲ್ಲ ಪುಲ್ಲಿಂಗ ಮಾಡುವುದು. ಕನ್ನಡಕ್ಕೆ ಅವನು ಬರುವ ಮೊದಲೂ ‘ಅವರು’, ಬಂದ ಮೇಲೂ ‘ಅವರು’. ಈ ಬಹುವಚನವನ್ನೇ ನಾವು ಒಬ್ಬರಿಗೆ ಮರ್ಯಾದೆಯನ್ನು ಸಲ್ಲಿಸಲು ಉಪಯೋಗಿಸುವೆವು. ಹಾಗೆ ಉಪಯೋಗಿಸಿದಾಗ ಮೇಲಿನ ವಾಕ್ಯವು ಹೀಗಾಗುವುದು: ‘ನಮ್ಮ ಮುಖ್ಯೋಪಾಧ್ಯಾಯರು ಅನುಭವವುಳ್ಳ ಶಿಕ್ಷಕರು, ತಾಳ್ಮೆಯೂ ತಿಳಿವಳಿಕೆಯೂ ಉಳ್ಳ ಸಹೋದ್ಯೋಗಿಗಳು, ಊರಿನ ಒಳ್ಳೆಯ ಸ್ನೇಹಿತರು.’ ಇಲ್ಲಿ ಮಾರ್ಪಡಬೇಕಾದ ಶಬ್ದಗಳು ಎಷ್ಟು? ಒಂದೂ ಇಲ್ಲ.

ಹಾಗಿದ್ದರೂ ಸಮಿತಿಯವರ ಕರಡು ಹೇಗಿತ್ತೆಂಬುದನ್ನು ವಾಚಕರು ನೋಡಬೇಕು: ‘ನಮ್ಮ ಮುಖ್ಯೋಪಾಧ್ಯಾಯಿನಿಯು ಅನುಭವಸ್ಥೆಯಾದ ಶಿಕ್ಷಕಿಯೂ, ಸಹನಾಶೀಲೆಯೂ ವಿದ್ಯಾವಂತೆಯೂ ಆದ ಸಹೋದ್ಯೋಗಿನಿಯೂ, ಗ್ರಾಮದ ಸನ್ಮಿತ್ರೆಯೂ ಆಗಿದ್ದಾಳೆ.’ ಸ್ಪೇನಿನ ಸೊಸೆಯು ತನ್ನ ಭಾಷೆಯ ಒತ್ತಾಯದಿಂದ ಹತ್ತು ಶಬ್ದಗಳನ್ನು ಬದಲಿಸಿದಳು. ನಮ್ಮವರು ಯಾವ ಒತ್ತಾಯವೂ ಇಲ್ಲದೆ, ಕನ್ನಡವು ಬೇಡವೆಂದರೂ ಬಿಡದೆ, ಏಳು ಶಬ್ದಗಳಿಗೆ ಸೀರೆಯನ್ನುಡಿಸಿ, ಕೊನೆಗೆ ಆ ಹಿರಿಯರನ್ನು ‘ಆಗಿದ್ದಾಳೆ’ ಎಂದು ಏಕವಚನಕ್ಕೆ ಇಳಿಸಿದರು. ಇದು ಇವರೊಬ್ಬರ ತಪ್ಪಲ್ಲ. ಕೊಟ್ಟೂರಿನಿಂದ ಹರಪನಹಳ್ಳಿಯವರೆಗೆ ಆಮಂತ್ರಣಪತ್ರಿಕೆಗಳನ್ನೂ ಪ್ರಶಸ್ತಿಪತ್ರಗಳನ್ನೂ ಬರೆಯುವವರ ಕೈಯಲ್ಲಿ ಇದು ರೂಢಿಯಾಗಿ ಹೋಗಿದೆ.

ಈ ಪ್ರತ್ಯಯಗಳನ್ನು ಇವರು ಸಂಸ್ಕೃತದಿಂದ ತಂದರಲ್ಲವೆ? ಹಾಗಾದರೆ ಸಂಸ್ಕೃತಕ್ಕಾದರೂ ಇವು ಒಪ್ಪುವುವೋ ನೋಡೋಣ. ಸಂಸ್ಕೃತ ವ್ಯಾಕರಣದಲ್ಲಿ ತಾನೇ ಪಾಠ ಹೇಳುವವಳು ಉಪಾಧ್ಯಾಯಾ ಅಥವಾ ಉಪಾಧ್ಯಾಯೀ. ಉಪಾಧ್ಯಾಯನ ಹೆಂಡತಿಯು ಉಪಾಧ್ಯಾಯಾನೀ ಅಥವಾ ಉಪಾಧ್ಯಾಯೀ. ‘ಉಪಾಧ್ಯಾಯಿನಿ’ ಎಂಬುದು ಎರಡೂ ಅಲ್ಲ. ಯೋಗಿನಿ, ಮಾನಿನಿ ಎಂಬವುಗಳನ್ನು ನೋಡಿ ನಾವು ಕಟ್ಟಿಕೊಂಡದ್ದು. ಶಿಕ್ಷಕನಿಗೆ ಜೋಡಿಯು ಶಿಕ್ಷಿಕಾ, ಲೇಖಕನಿಗೆ ಲೇಖಿಕಾ. ನಮ್ಮದು ಶಿಕ್ಷಕಿ, ಲೇಖಕಿ. ಕಾರ್ಯಕರ್ತೃವಿಗೆ ಜೋಡಿಯು ಕಾರ್ಯಕರ್ತ್ರೀ, ನಮ್ಮದು ಕಾರ್ಯಕರ್ತೆ. ವಿದ್ಯಾವಾನ್ ಎಂಬುದಕ್ಕೆ ವಿದ್ಯಾವತೀ; ನಮ್ಮದು ವಿದ್ಯಾವಂತೆ. ಮಿತ್ರ ಎಂಬುದಂತೂ ಸ್ನೇಹಿತ ಎಂಬರ್ಥದಲ್ಲಿ ಸಂಸ್ಕೃತದಲ್ಲಿ ನಪುಂಸಕಲಿಂಗವು. ‘ಸನ್ಮಿತ್ರೆ’ಯನ್ನು ಕಂಡರೆ ಯಾವ ಶಾಸ್ತ್ರಿಗಳೂ ಬೆಚ್ಚಿಬೀಳುವರು. ರೂಢಿಯು ಬಲವಾದುದು, ಶಿಕ್ಷಕಿ, ಲೇಖಕಿ ಎಂಬಿವು ಕನ್ನಡವಾಗಿಬಿಟ್ಟಿವೆ ಎಂದರೆ ನಾವು ಒಪ್ಪುವೆವು. ನಮ್ಮ ಮಾತಿಷ್ಟೆ: ಎ, ಇ, ಇಣಿ, ತ್ರಿ, ವತಿ ಎಂದು ಐದು ಬಗೆಯ ಬಾಲಗಳಿರುವಾಗ, ಯಾವ ಶಬ್ದಕ್ಕೆ ಯಾವ ಬಾಲವೆಂಬುದು ಬರೆಯುವವನಿಗೂ ತಿಳಿಯದಿರುವಾಗ, ಬಾಲವೇ ಬೇಡದ ಹಾದಿಯು ಮನೆಯಲ್ಲಿಯೇ ಇರುವಾಗ, ಈ ಸಾಲವನ್ನು ಮಾಡುವುದೇಕೆ?

ಸೊಗಸಿಗಾಗಿ ಎನ್ನುವರೇನೋ. ಆದರೆ ಈ ಬಾಲವು ಎಲ್ಲಿ ಹತ್ತುವುದು, ಎಲ್ಲಿ ಹತ್ತುವುದಿಲ್ಲ ಎಂಬುದನ್ನು ನೋಡಿದರೆ ಇದು ಬರಿಯ ಸೊಗಸಿನ ಮಾತಲ್ಲವೆಂಬುದು ತಿಳಿಯುವುದು. ಅಂಗನವಾಡಿಯಲ್ಲಿ ಕೆಲಸ ಮಾಡುವವರು ಕಾರ್ಯಕರ್ತೆ. ಅವರಿಗೆ ನೆರವಾಗುವವರು ಸಹಾಯಕಿ. ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರು ಶುಶ್ರೂಷಕಿ, ಇಲ್ಲವೆ ದಾದಿ. ಇನ್ನು ಮೇಲಕ್ಕೆ ಹತ್ತಿ ಹೋಗೋಣ. ಜಿಲ್ಲಾಧಿಕಾರಿಗಳ ಆಸನದಲ್ಲಿ ಮಹಿಳೆಯು ಕುಳಿತರೆ ಅವರನ್ನು ಯಾರಾದರೂ ಜಿಲ್ಲಾಧಿಕಾರಿಣಿ ಎಂದದ್ದುಂಟೆ? ತಹಶೀಲ್ದಾರರಿಗೆ, ವೈದ್ಯಾಧಿಕಾರಿಗಳಿಗೆ, ಪೋಲೀಸ್ ವರಿಷ್ಠಾಧಿಕಾರಿಗಳಿಗೆ ಯಾವ ಬಾಲವೂ ಇಲ್ಲ. ಗೌರವಧನವೆಂಬ ಹೆಸರಿನ ಅಲ್ಪ ಹಣಕ್ಕೆ ದುಡಿಯುವವರಿಗೆ ಸ್ತ್ರೀಪ್ರತ್ಯಯ. ಸಂಬಳವೂ ಮೊಹರೂ ಉಳ್ಳವರಿಗೆ ಬರಿಯ ಹುದ್ದೆ. ಪ್ರತ್ಯಯವು ಏರುವ ಮೆಟ್ಟಿಲನ್ನು ನೋಡಿ ಸಂಬಳದ ಮೆಟ್ಟಿಲನ್ನು ಹೇಳಬಹುದು.

ಫ್ರಾನ್ಸಿನಲ್ಲಿಯೂ ಇದೇ ಮೆಟ್ಟಿಲಿತ್ತು. ರೊಟ್ಟಿ ಮಾರುವ ಹೆಂಗಸಿಗೂ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಹೆಂಗಸಿಗೂ ಸ್ತ್ರೀರೂಪವು ಹಿಂದಿನಿಂದಲೂ ಉಂಟು; ಮಂತ್ರಿಯಾದವಳಿಗೆ ಮಾತ್ರ ಪುಲ್ಲಿಂಗವೇ ಗತಿಯಾಗಿತ್ತು. ಕೆನಡಾದ ಕೆಬೆಕ್ ಪ್ರಾಂತವು 1979ರಲ್ಲಿಯೇ ಉದ್ಯೋಗನಾಮಗಳಿಗೆ ಸ್ತ್ರೀರೂಪಗಳನ್ನು ಬಳಸಬೇಕೆಂದು ಹೇಳಿತು. ಫ್ರಾನ್ಸಿನ ಸರಕಾರವು 1986ರಲ್ಲಿ ಅದೇ ಸೂಚನೆಯನ್ನು ಹೊರಡಿಸಿತು. ಅಲ್ಲಿಯ ಭಾಷಾಪರಿಷತ್ತಾದ ಅಕಾದೆಮಿ ಫ್ರಾನ್ಸೇಸ್ ಬಹುಕಾಲ ಹಟ ಹಿಡಿದು 2019ರ ಫೆಬ್ರವರಿಯಲ್ಲಿ ಒಪ್ಪಿಗೆಯನ್ನಿತ್ತಿತು. ಹುದ್ದೆಯು ಮೇಲಕ್ಕೇರಿದಷ್ಟೂ ಸ್ತ್ರೀರೂಪಕ್ಕೆ ವಿರೋಧವು ಹೆಚ್ಚುವುದೆಂಬುದನ್ನು ಆಗ ಅದೇ ಗಮನಿಸಿತು. ಇದರ ನಡುವೆ 2014ರ ಅಕ್ಟೋಬರಿನಲ್ಲಿ, ಅಧ್ಯಕ್ಷಪೀಠದಲ್ಲಿದ್ದ ಮಹಿಳೆಯನ್ನು ಪುಲ್ಲಿಂಗದಿಂದಲೇ ಕರೆಯುವೆನೆಂದು ಹಟ ಮಾಡಿದ ಒಬ್ಬ ಶಾಸಕನಿಗೆ ಒಂದು ತಿಂಗಳ ಭತ್ಯದಲ್ಲಿ ಕಾಲುಭಾಗವನ್ನು ಕಡಿದರು. ಸ್ಪ್ಯಾನಿಷಿನಲ್ಲಿ ಪ್ರೆಸಿದೆಂತಾ ಎಂಬ ಸ್ತ್ರೀರೂಪವು 1803ರಲ್ಲಿಯೇ ನಿಘಂಟಿಗೆ ಸೇರಿತ್ತು. ಆದರೆ ಅಧ್ಯಕ್ಷನ ಹೆಂಡತಿಯನ್ನೂ ಆ ಶಬ್ದದಿಂದಲೇ ಕರೆಯುತ್ತಿದ್ದರು.

ಆ ಹೆಂಗಸರು ಸ್ತ್ರೀರೂಪಕ್ಕಾಗಿ ಹೋರಾಡಿದ್ದು ನ್ಯಾಯವೇ. ಅವರ ಭಾಷೆಯಲ್ಲಿ ಮೂರನೆಯ ದಾರಿಯಿಲ್ಲ. ಸ್ತ್ರೀರೂಪವನ್ನು ಬಿಟ್ಟರೆ ಉಳಿಯುವುದು ಪುಲ್ಲಿಂಗವೇ. ಆ ಹೋರಾಟವನ್ನು ಕನ್ನಡಕ್ಕೆ ಎಳೆತಂದು, ಅಲ್ಲಿ ಪ್ರಗತಿಯಾದುದು ಇಲ್ಲಿಯೂ ಪ್ರಗತಿಯೆನ್ನುವವರು ರೋಗವಿಲ್ಲದವನಿಗೆ ಔಷಧವನ್ನು ಕುಡಿಸುವವರು. ‘ಅಧ್ಯಕ್ಷನು’ ಎಂಬುದು ಪುಲ್ಲಿಂಗವು, ನಿಜ. ‘ಅಧ್ಯಕ್ಷರು’ ಎಂಬುದು ಪುಲ್ಲಿಂಗವಲ್ಲ.

ಇದಕ್ಕೆ ಒಂದು ಬಲವಾದ ಆಕ್ಷೇಪವುಂಟು. ಹೂವಿನ ಹಡಗಲಿಯ ನಮ್ಮ ಹಿರಿಯ ಸ್ನೇಹಿತರೊಬ್ಬರು ಅದನ್ನು ಹೀಗೆ ಎತ್ತಿದರು: ‘1993ರ ಪಂಚಾಯತ ರಾಜ್ ಕಾಯಿದೆಯಿಂದ ಮೊದಲುಗೊಂಡು ಅಧ್ಯಕ್ಷಸ್ಥಾನಗಳನ್ನೂ ಹೆಂಗಸರಿಗೆ ಮೀಸಲಿಟ್ಟರಷ್ಟೆ. ಹಳ್ಳಿಯಲ್ಲಿ ಏನಾಯಿತು? ಹೆಂಡತಿಯು ಆರಿಸಿಬಂದಳು, ಗಂಡನು ಕುರ್ಚಿಯ ಮೇಲೆ ಕುಳಿತನು. ಕಚೇರಿಯಲ್ಲಿ ಅಧ್ಯಕ್ಷರು ಬಂದರು ಎಂದರೆ ಬರುವವನು ಅವನೇ. ನಿಮ್ಮ ಅರು ಎಂಬ ಪ್ರತ್ಯಯದ ಸೆರಗಿನಲ್ಲಿ ಅವನು ಅಡಗಿಕೊಳ್ಳುವನು. ಅಧ್ಯಕ್ಷೆ ಎಂದು ಬರೆದರೆ ಅವನು ಹೇಗೆ ಬಂದಾನು?’

ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕೆವು. ಇದರಲ್ಲಿ ಕಣ್ಣಾರೆ ಕಂಡ ಸತ್ಯವಿದೆ. ಆದರೆ ಅವನು ಬರುವ ಬಾಗಿಲು ಅದಲ್ಲ. ಗೋಡೆಗೆ ತೂಗುಹಾಕಿದ ನಾಮಫಲಕವನ್ನು ನೋಡಿ. ಅಧ್ಯಕ್ಷರು ಎಂಬ ತಲೆಬರಹದ ಕೆಳಗೆ ಗಂಡಸಿನ ಹೆಸರು ಒಂಟಿಯಾಗಿ ನಿಂತಿರುವುದು. ಹೆಂಗಸಿನ ಹೆಸರಾದರೆ ‘ಶ್ರೀಮತಿ ಇಂಥವಳು, ಗಂಡ ಇಂಥವನು’ ಎಂದು ನಮ್ಮ ಸೀಮೆಯ ದಾಖಲೆಗಳ ಪದ್ಧತಿಯಂತೆ ಗಂಡನನ್ನೂ ಎಳೆದುಕೊಂಡು ಬರುವುದು. ಅವನಿಗೆ ಫಲಕದ ಮೇಲೆ ಸ್ಥಳವನ್ನು ಕೊಟ್ಟವರು ನಾವು. ಕುರ್ಚಿಯ ಮೇಲೂ ಅವನು ಸ್ಥಳವನ್ನು ಕೇಳಿದರೆ ಆಶ್ಚರ್ಯವೇನು? ತಲೆಬರಹವನ್ನು ಅಧ್ಯಕ್ಷೆ ಎಂದು ತಿದ್ದಿ ಗಂಡನ ಹೆಸರನ್ನು ಹಾಗೆಯೇ ಉಳಿಸಿದರೆ ‘ಅಧ್ಯಕ್ಷೆಯ ಗಂಡ’ ಎಂಬ ಹೊಸ ಹುದ್ದೆಯೊಂದು ಹುಟ್ಟುವುದೇ ಹೊರತು ಅವನು ಮನೆಗೆ ಹೋಗನು. ಅಳಿಸಬೇಕಾದುದು ಅವನ ಹೆಸರನ್ನು, ಸೇರಿಸಬೇಕಾದುದು ಪ್ರತ್ಯಯವನ್ನಲ್ಲ.

ಅದಲ್ಲದೆ ಸ್ತ್ರೀಪ್ರತ್ಯಯವು ಹೆಂಗಸಿಗೆ ಕಾವಲಾಗಿ ನಿಂತ ಚರಿತ್ರೆಯೂ ಇಲ್ಲ. ಗೌಡತಿ ಎಂದರೆ ಗೌಡಿಕೆಯನ್ನು ನಡೆಸುವವಳೆಂದು ನಮ್ಮಲ್ಲಿ ಯಾರು ತಿಳಿಯುವರು? ಗೌಡನ ಹೆಂಡತಿಯೆಂದೇ ಎಲ್ಲರೂ ತಿಳಿಯುವರು. ಆಚಾರ್ಯಾನೀ ಎಂಬುದೂ ಆಚಾರ್ಯನ ಹೆಂಡತಿಯೇ. 2022ರ ಜುಲೈ ತಿಂಗಳಿನಲ್ಲಿ ರಾಷ್ಟ್ರಪತಿಗಳಾಗಿ ಮಹಿಳೆಯೊಬ್ಬರು ಅಧಿಕಾರವನ್ನು ವಹಿಸಿಕೊಂಡ ಕೆಲವೇ ದಿನಗಳಲ್ಲಿ ಒಬ್ಬ ಸಂಸದರು ಅವರನ್ನು ‘ರಾಷ್ಟ್ರಪತ್ನಿ’ ಎಂದು, ದೊಡ್ಡ ಗದ್ದಲವಾದ ಮೇಲೆ ಕ್ಷಮೆಯನ್ನು ಬೇಡಿದರು. ಒಡೆಯನೆಂಬರ್ಥದ ‘ಪತಿ’ ಶಬ್ದಕ್ಕೆ ಸ್ತ್ರೀರೂಪವನ್ನು ಹುಡುಕಹೋದವರ ಕೈಗೆ ಸಿಕ್ಕಿದ್ದು ಹೆಂಡತಿ! ಹುದ್ದೆಯನ್ನು ಹುದ್ದೆಯಾಗಿಯೇ ಬಿಟ್ಟಿದ್ದರೆ ಈ ಅವಮಾನವು ನಡೆಯುತ್ತಿರಲಿಲ್ಲ.

ಹಾಗೆಂದು ಸ್ತ್ರೀರೂಪಗಳೆಲ್ಲವನ್ನೂ ಕನ್ನಡದಿಂದ ಗಡೀಪಾರು ಮಾಡಬೇಕೆಂದು ನಾವು ಹೇಳುತ್ತಿಲ್ಲ. ಹಡಗಲಿಯ ಮಲ್ಲಿಗೆಯನ್ನು ಕಟ್ಟಿ ಮಾರುವ ಹೂವಾಡಗಿತ್ತಿ, ಮಗುವನ್ನು ಭೂಮಿಗೆ ಬರಮಾಡಿಕೊಳ್ಳುವ ಸೂಲಗಿತ್ತಿ ಇವರು ಕನ್ನಡದ ಒಡಲಿನಲ್ಲಿಯೇ ಹುಟ್ಟಿದ ಶಬ್ದಗಳಿಗೆ ಒಡತಿಯರು. 2018ರಲ್ಲಿ ಪದ್ಮಶ್ರೀ ಪಡೆದ ನರಸಮ್ಮನವರನ್ನು ನಾಡೆಲ್ಲ ಸೂಲಗಿತ್ತಿ ನರಸಮ್ಮನೆಂದೇ ಕರೆಯಿತು. ಆ ಮಾತಿನಲ್ಲಿ ಕೊರತೆಯೇನೂ ಕಾಣಲಿಲ್ಲ. ನಮ್ಮ ಜಿಲ್ಲೆಯ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ ಜೋಗತಿ ಎಂಬುದು ತಾವೇ ಹೊತ್ತು ಮೆರೆಸಿದ ಹೆಸರು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದ ಅವರು 2019ರಲ್ಲಿ ಜಾನಪದ ಅಕಾಡೆಮಿಗೆ ಅಧ್ಯಕ್ಷರಾದರು. ಆ ಪೀಠದ ಹೆಸರನ್ನು ಅವರಿಗಾಗಿ ತಿದ್ದಬೇಕಾಗಲಿಲ್ಲ. ಕಥೆಯಲ್ಲಿ, ನಾಟಕದಲ್ಲಿ, ಮನೆಮಾತಿನಲ್ಲಿ ಅವಳು, ಗೆಳತಿ, ಒಡತಿ ಎಂಬುವು ಇಲ್ಲದೆ ಬಾಳೇ ಇಲ್ಲ. ನಮ್ಮ ವಾದವು ಹುದ್ದೆಗಳ ಹೆಸರಿಗೂ ಹುದ್ದೆಯಲ್ಲಿರುವವರ ಗುಣವರ್ಣನೆಗೂ ಮಾತ್ರ ಸಂಬಂಧಪಟ್ಟುದು.

ನಮ್ಮ ಹಾದಿಯಲ್ಲಿಯೂ ಒಂದು ತೊಡಕಿದೆ; ಅದನ್ನು ಮುಚ್ಚಿಡಲಾಗದು. ‘ಶಿಕ್ಷಕರು ಬೇಕಾಗಿದ್ದಾರೆ’ ಎಂದರೆ ಒಬ್ಬರೋ ಹತ್ತು ಮಂದಿಯೋ ತಿಳಿಯದು. ಲಿಂಗವನ್ನು ಬಿಟ್ಟ ಬಹುವಚನವು ಸಂಖ್ಯೆಯನ್ನೂ ನುಂಗಿಬಿಡುವುದು. ಇಂಗ್ಲಿಷಿನ ಪ್ರಕಟನೆಯನ್ನು ಕನ್ನಡಿಸುವವರು ಇಲ್ಲಿ ಎಡವಿ ‘ಒಬ್ಬ ಶಿಕ್ಷಕ/ಶಿಕ್ಷಕಿ ಬೇಕಾಗಿದ್ದಾನೆ/ಳೆ’ ಎಂದು ಓರೆಗೆರೆಗಳ ಬೇಲಿಯನ್ನು ಹಾಕುವರು. ‘ಶಿಕ್ಷಕರ ಒಂದು ಹುದ್ದೆ ತೆರವಾಗಿದೆ’ ಎಂದರೆ ಬೇಲಿಯೂ ಬೇಡ, ಸಂದೇಹವೂ ಇಲ್ಲ. ಹೆಂಗಸರಿಗೇ ಮೀಸಲಾದ ಸ್ಥಾನವಾದರೆ ‘ಮಹಿಳೆಯರಿಗೆ ಮೀಸಲು’ ಎಂದು ಬಿಡಿಸಿ ಬರೆಯಬೇಕು. ಆ ಅರ್ಥವನ್ನು ಒಂದು ಎಕಾರದ ಮೇಲೆ ಹೊರಿಸಬಾರದು.

ಬರೆದದ್ದು ಸರಿಯೋ ಅಲ್ಲವೋ ಎಂದು ನೋಡುವ ಉಪಾಯವೂ ಸುಲಭವಾದುದೇ. ವಾಕ್ಯದಲ್ಲಿ ಹೆಂಗಸಿನ ಹೆಸರಿರುವೆಡೆಯಲ್ಲಿ ಗಂಡಸಿನ ಹೆಸರನ್ನಿಟ್ಟು ಓದಿರಿ. ಹೆಸರಿನ ಹೊರತು ಮತ್ತಾವ ಶಬ್ದವಾದರೂ ಮಾರ್ಪಡಬೇಕಾಗಿ ಬಂದರೆ, ಈ ಮಾರ್ಪಾಡಿಗೆ ಕೆಲಸವೇನಾದರೂ ಇದೆಯೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಉತ್ತರ ತೋರದಿದ್ದರೆ ಅದನ್ನು ಕಿತ್ತುಹಾಕಿರಿ.

ಕೂಡ್ಲಿಗಿ ಸೀಮೆಯ ಆ ಬಿನ್ನವತ್ತಳೆಯನ್ನು ನಾವು ಹಾಗೆಯೇ ತಿದ್ದಿಕೊಟ್ಟೆವು. ಸಮಿತಿಯ ಹಿರಿಯರೊಬ್ಬರು, ಓದಿದವರಿಗೆ ಇದು ಹೆಂಗಸರಿಗೆ ಕೊಟ್ಟದ್ದೆಂದು ತಿಳಿಯುವುದು ಹೇಗೆಂದು ಕೇಳಿದರು. ಮೇಲ್ಗಡೆ ಆ ತಾಯಿಯವರ ಹೆಸರನ್ನು ದಪ್ಪಕ್ಷರದಲ್ಲಿ, ಅವರೊಬ್ಬರ ಹೆಸರನ್ನೇ, ಅಚ್ಚುಮಾಡಿಸಿರೆಂದು ಹೇಳಿದೆವು. ಹಾಗೆಯೇ ಆಯಿತು. ಸಭೆಯ ದಿನ ಮೂರು ಹಾಳೆಗಳನ್ನೂ ಓದಿದರು. ಮೊಮ್ಮಗಳು ತನ್ನ ತಾಯಿಯ ಭಾಷೆಯ ಹಾಳೆಯನ್ನೋದಿ, ಕನ್ನಡದಲ್ಲಿ ‘ಅಜ್ಜಿ’ ಎಂಬ ಶಬ್ದ ಎಲ್ಲಿದೆ ತೋರಿಸಿರೆಂದಳು. ಬಿನ್ನವತ್ತಳೆಯಲ್ಲಿ ಆ ಶಬ್ದವಿರಲಿಲ್ಲ. ತಾಯಿಯವರೇ ಲೇಖನಿಯನ್ನು ತೆಗೆದುಕೊಂಡು ಅವಳ ಪ್ರತಿಯ ಅಡಿಯಲ್ಲಿ ಅದನ್ನು ಬರೆದುಕೊಟ್ಟರು. ಈ ವಿಷಯದಲ್ಲಿ ಭಿನ್ನಾಭಿಪ್ರಾಯವುಳ್ಳ ವಾಚಕರು ತಮ್ಮ ವಾದವನ್ನು ಉದಾಹರಣೆಗಳೊಡನೆ ಬರೆದು ಕಳುಹಿಸಿದರೆ ನಾವು ಆದರದಿಂದ ಓದುವೆವು.